ಸಹಾಯ ಬೇಕು: ಅರ್ನಿಂಗ್ಸ್ ಕಾಲ್ ಅನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಏಳೆಂಟು ಸಣ್ಣ ಹೂಡಿಕೆದಾರರಿಗಾಗಿ ಇನ್ಫೋಸಿಸ್ ಅರ್ನಿಂಗ್ಸ್ ಕಾಲ್‌ಗಳ ಸಾರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೈಡೆನ್ಸ್ ಬದಲಾವಣೆ, ಅಪಾಯಗಳು, ವಿಶ್ಲೇಷಕರ ಆತಂಕ ಎಂದು ಮೂರು ಭಾಗ.

ಮೊದಲನೆಯದರಲ್ಲೇ ಎಡವಿದೆ. 2025–26ರ ಆದಾಯ ಬೆಳವಣಿಗೆಯ ಗೈಡೆನ್ಸ್ ಏಪ್ರಿಲ್‌ನಲ್ಲಿ 0–3% ಇತ್ತು, ಜುಲೈನಲ್ಲಿ 1–3% ಆಯಿತು, ಅಕ್ಟೋಬರ್‌ನಲ್ಲಿ 2–3%. ನಾನು ಜುಲೈ ಸಾರದಲ್ಲಿ "ಗೈಡೆನ್ಸ್ ಏರಿಕೆ" ಎಂದಷ್ಟೇ ಬರೆದೆ. ಓದಿದವರು ಕಂಪನಿ ಇನ್ನೂ ಜೋರಾಗಿ ಬೆಳೆಯುತ್ತದೆ ಎಂದುಕೊಂಡರು. ನಿಜಕ್ಕೆ ಏರಿದ್ದು ಕೆಳಗಿನ ಅಂಚು ಮಾತ್ರ, ಮೇಲಿನದು 3%ರಲ್ಲೇ ನಿಂತಿತ್ತು. ಅಂದರೆ ತೀರಾ ಕೆಟ್ಟ ಸಾಧ್ಯತೆ ಕಡಿಮೆಯಾಯಿತು, ಅತ್ಯುತ್ತಮ ಸಾಧ್ಯತೆ ಹಿಗ್ಗಲಿಲ್ಲ. ಈಗ ಹಳೆಯ ಮತ್ತು ಹೊಸ ಅಂಕಿಗಳನ್ನು ಅಕ್ಕಪಕ್ಕ ಬರೆದು, ಯಾವ ಅಂಚು ಸರಿಯಿತು ಎಂದೂ ಹೇಳುತ್ತೇನೆ. ಬದಲಾಗದ 20–22% ಆಪರೇಟಿಂಗ್ ಮಾರ್ಜಿನ್ ಗೈಡೆನ್ಸ್‌ಗೂ ಒಂದು ಸಾಲು ಕೊಡುತ್ತೇನೆ.

ಸಿಕ್ಕಿಕೊಂಡಿರುವುದು ಪ್ರಶ್ನೋತ್ತರದಲ್ಲಿ. ಬೆಳವಣಿಗೆಯಲ್ಲಿ ಸ್ವಂತದ್ದೆಷ್ಟು, ಖರೀದಿಸಿದ ಕಂಪನಿಗಳಿಂದ ಬಂದದ್ದೆಷ್ಟು ಎಂದು ವಿಶ್ಲೇಷಕರು ಕೇಳಿದಾಗ, ಯಾವುದೇ ಕಂಪನಿಯ ಆಡಳಿತ ಅಂಕಿ ಕೊಡದೆ ವಿವರಣೆ ಮಾತ್ರ ಕೊಟ್ಟರೆ ಅದನ್ನು "ಅಪಾಯ" ಎನ್ನಬೇಕೇ, "ಆತಂಕ" ಎನ್ನಬೇಕೇ? ಆಡಳಿತವೇ ಒಪ್ಪಿದ್ದು ಅಪಾಯ, ಕೇಳಿದವರ ಅನುಮಾನ ಆತಂಕ ಎಂದು ಸದ್ಯಕ್ಕೆ ಬೇರ್ಪಡಿಸಿದ್ದೇನೆ. ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದ್ದರೆ ಆ ಸಂಖ್ಯೆಯನ್ನೂ ನಮೂದಿಸುವುದು ಸರಿಯೇ? ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ನಿಮ್ಮ ಒಂದು ಮಾದರಿ ಪುಟ ಹಂಚಿಕೊಳ್ಳಿ.