6,000 ಡಿವಿಡೆಂಡ್‌ಗೆ 1,200 ಟಿಡಿಎಸ್: ಶೇ. 20 ಹಿಡಿದಿದ್ದಾರಾ?

ಹೊಸಹೂಡಿಕೆ: ಒಂದೇ ಕಂಪನಿಯ 500 ಷೇರು ನನ್ನ ಹತ್ತಿರ ಇವೆ. ಆಗಸ್ಟ್ 2025ರಲ್ಲಿ ಷೇರಿಗೆ 12 ರೂಪಾಯಿ ಡಿವಿಡೆಂಡ್ ಕೊಟ್ಟರು, 6,000 ಪೂರ್ತಿ ಜಮಾ ಆಯ್ತು. ಫೆಬ್ರುವರಿ 2026ರಲ್ಲಿ ಮತ್ತೆ ಷೇರಿಗೆ 12 ರೂಪಾಯಿ ಮಧ್ಯಂತರ ಡಿವಿಡೆಂಡ್. ಈ ಸಲ ಬಂದದ್ದು 4,800 ಮಾತ್ರ. ಟಿಡಿಎಸ್ ಶೇ. 10 ಅಂತಾರೆ, ನನಗೆ ಶೇ. 20 ಹಿಡಿದಿದ್ದಾರೆ. ಪ್ಯಾನ್‌ಗೆ ಆಧಾರ್ ಜೋಡಿಸಿದ್ದೇನೆ. ಫಾರಂ 26ಎಎಸ್‌ನಲ್ಲಿ ಏನೂ ಕಾಣಿಸ್ತಿಲ್ಲ. ರಿಟರ್ನ್‌ನಲ್ಲಿ ಕೈಗೆ ಬಂದ 10,800 ತೋರಿಸಿದರೆ ಸಾಕಲ್ವಾ?

ಮಳೆಬಿಲ್ಲು: ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಎನ್‌ಆರ್‌ಐ ಅಂತ ದಾಖಲಾಗಿರಬೇಕು. ನನ್ನ ತಮ್ಮ ಹೊರದೇಶದಲ್ಲಿದ್ದಾನೆ, ಅವನಿಗೂ ಹೀಗೇ ಶೇ. 20 ಹಿಡೀತಾರೆ. ಬ್ರೋಕರ್‌ಗೆ ಹೇಳಿ ಸರಿ ಮಾಡಿಸಿ.

ಲೆಕ್ಕದಪುಸ್ತಕ: ಎನ್‌ಆರ್‌ಐ ಲೆಕ್ಕ ಇಲ್ಲಿ ಕೂಡಿ ಬರಲ್ಲ. ಅವರಿಗೆ ಶೇ. 20ರ ಮೇಲೆ ಶೇ. 4 ಸೆಸ್ ಕೂಡ ಸೇರುತ್ತದೆ. 6,000ಕ್ಕೆ 1,248 ಆಗಬೇಕಿತ್ತು. ಅದೂ ಅಲ್ಲದೆ ಅವರಿಗೆ 10,000ದ ಮಿತಿ ಇಲ್ಲ, ಆಗಸ್ಟ್‌ನಲ್ಲೇ ಕಡಿತ ಆಗುತ್ತಿತ್ತು. ಇವರಿಗೆ ಹೋಗಿರುವುದು ಸರಿಯಾಗಿ 1,200.

ನನಗೆ ಅನಿಸುವುದು, ಇದು ಶೇ. 20 ಅಲ್ಲವೇ ಅಲ್ಲ. ಎರಡು ಸಲದ ಶೇ. 10 ಒಂದೇ ಸಲ ಹೋಗಿದೆ. ಏಪ್ರಿಲ್ 2025ರಿಂದ ಒಂದು ಕಂಪನಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಒಟ್ಟು 10,000 ರೂಪಾಯಿ ತನಕ ಡಿವಿಡೆಂಡ್ ಕೊಟ್ಟರೆ ಟಿಡಿಎಸ್ ಹಿಡಿಯಬೇಕಿಲ್ಲ. ಅದಕ್ಕೆ ಮೊದಲು ಈ ಮಿತಿ 5,000 ಇತ್ತು. ಆಗಸ್ಟ್‌ನಲ್ಲಿ ನಿಮ್ಮದು 6,000, ಮಿತಿಯ ಒಳಗೆ. ಫೆಬ್ರುವರಿಯಲ್ಲಿ ಒಟ್ಟು 12,000 ಆಯ್ತು, ಮಿತಿ ದಾಟಿತು. ಆಗ 12,000ಕ್ಕೂ ಶೇ. 10 ಲೆಕ್ಕ ಹಾಕಿ, ಆ 1,200ನ್ನು ಎರಡನೇ ಕಂತಿನಿಂದಲೇ ತೆಗೆದಿದ್ದಾರೆ.

ಹೊಳೆದಂಡೆ: ಒಂದು ನಿಮಿಷ. 10,000 ಬಿಟ್ಟು ಮಿಕ್ಕಿದ 2,000ಕ್ಕೆ ಮಾತ್ರ ಅಲ್ವಾ ಹಿಡಿಯಬೇಕು? ಅಂದರೆ 200. ಮೊದಲ 10,000ಕ್ಕೆ ತೆರಿಗೆಯೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ.

ಲೆಕ್ಕದಪುಸ್ತಕ: ಶೇ. 10 ಅನ್ನೋದು ಸರಿ, ಮಿತಿ 10,000 ಅನ್ನೋದೂ ಸರಿ. ಆದರೆ ಈ ಮಿತಿ ಕಂಪನಿ ಹಿಡಿಯಬೇಕೋ ಬೇಡವೋ ಅಂತ ತೀರ್ಮಾನಿಸೋದಕ್ಕೆ ಮಾತ್ರ. ದಾಟಿದರೆ ಪೂರ್ತಿ ಮೊತ್ತದ ಮೇಲೆ ಹಿಡೀತಾರೆ. ಇನ್ನು ತೆರಿಗೆ ವಿನಾಯಿತಿಗೂ ಈ 10,000ಕ್ಕೂ ಸಂಬಂಧವೇ ಇಲ್ಲ. ಐದು ಕಂಪನಿಗಳಿಂದ ತಲಾ 9,000 ಬಂದರೆ ಒಂದು ರೂಪಾಯಿಯೂ ಕಡಿತ ಆಗಲ್ಲ. ಆದರೂ 45,000ವನ್ನು ಆದಾಯಕ್ಕೆ ಸೇರಿಸಲೇಬೇಕು. ಡಿವಿಡೆಂಡ್ ಪೂರ್ತಿ ತೆರಿಗೆಮುಕ್ತ ಅನ್ನೋ ನೆನಪು ಏಪ್ರಿಲ್ 2020ಕ್ಕಿಂತ ಹಿಂದಿನದು. ಆಗ ಕಂಪನಿಯೇ ಕಟ್ಟುತ್ತಿತ್ತು.

ಈಗ ಹೊಸಹೂಡಿಕೆ ಅವರ ಕೊನೇ ಪ್ರಶ್ನೆ. 10,800 ತೋರಿಸಬೇಡಿ, 12,000 ತೋರಿಸಿ. ಕೈಗೆ ಬಾರದ 1,200 ನಿಮ್ಮ ಆದಾಯವೇ, ನಿಮ್ಮ ಹೆಸರಲ್ಲಿ ಮುಂಚೆ ಕಟ್ಟಿದ ತೆರಿಗೆ ಅಷ್ಟೇ. 10,800 ಬರೆದು 1,200 ಕ್ರೆಡಿಟ್ ಕೂಡ ಕೇಳಿದರೆ ಇಲಾಖೆ ಬಳಿಯ ಮಾಹಿತಿಗೂ ನಿಮ್ಮ ರಿಟರ್ನ್‌ಗೂ ತಾಳೆ ಆಗಲ್ಲ.

ಗಂಧದಮರ: ನನ್ನದು ಸ್ವಲ್ಪ ಬೇರೆ ಕಥೆ. ನನಗೆ 67 ವರ್ಷ, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲ. ಪ್ರತಿ ಏಪ್ರಿಲ್‌ನಲ್ಲೂ ಬ್ಯಾಂಕಿಗೆ 15ಎಚ್ ಕೊಡ್ತೀನಿ. ಆದರೂ ಡಿವಿಡೆಂಡ್‌ನಲ್ಲಿ 1,850 ಹಿಡಿದರು. ಬ್ಯಾಂಕಿನಲ್ಲಿ ಕೇಳಿದರೆ ನಮಗೆ ಗೊತ್ತಿಲ್ಲ ಅಂದರು. ತುಂಬಾ ಬೇಜಾರಾಯ್ತು.

ಲೆಕ್ಕದಪುಸ್ತಕ: ಮೇಡಂ, ಬ್ಯಾಂಕಿಗೆ ಕೊಟ್ಟ 15ಎಚ್ ಆ ಬ್ಯಾಂಕಿನ ಎಫ್‌ಡಿ ಬಡ್ಡಿಗೆ ಮಾತ್ರ. ಡಿವಿಡೆಂಡ್‌ಗೆ ಆಯಾ ಕಂಪನಿಯ ರಿಜಿಸ್ಟ್ರಾರ್‌ಗೆ, ಅಂದರೆ ಷೇರುದಾರರ ಲೆಕ್ಕ ನೋಡಿಕೊಳ್ಳುವ ಸಂಸ್ಥೆಗೆ ಬೇರೆಯಾಗಿ ಕೊಡಬೇಕಿತ್ತು. ರೆಕಾರ್ಡ್ ದಿನಕ್ಕೆ ಮುಂಚೆ ಕಂಪನಿಯಿಂದ ಒಂದು ಮೇಲ್ ಬಂದಿರುತ್ತೆ, ಫಾರಂ ಎಲ್ಲಿ ಹಾಕಬೇಕು, ಯಾವ ದಿನದೊಳಗೆ ಅಂತ ಅದರಲ್ಲೇ ಇರುತ್ತೆ. ಜಾಸ್ತಿ ಜನ ಜಾಹೀರಾತು ಅಂದುಕೊಂಡು ಅದನ್ನು ತೆರೆಯೋದೇ ಇಲ್ಲ. ಹಿಡಿದ ಮೇಲೆ ಕಂಪನಿ ವಾಪಸ್ ಕೊಡಲ್ಲ. ನೀವು ರಿಟರ್ನ್ ಹಾಕಿ, 1,850 ರೀಫಂಡ್ ಬರುತ್ತೆ.

ಗಂಧದಮರ: ಇಷ್ಟಕ್ಕೇ ರಿಟರ್ನ್ ಹಾಕಬೇಕಾ! ಸರಿ, ಮಗಳ ಹತ್ತಿರ ಹೇಳ್ತೀನಿ.

ಕಲ್ಲುಸೇತುವೆ: ಲೆಕ್ಕದಪುಸ್ತಕ ಅವರು ಹೇಳಿದ್ದು ನಿಜ ಇರಬಹುದು, ಆದರೆ ಇನ್ನೊಂದು ಸಾಧ್ಯತೆಯನ್ನು ಬಿಡಬೇಡಿ. ಪ್ಯಾನ್ ನಿಷ್ಕ್ರಿಯ ಆಗಿದ್ದರೂ ಶೇ. 20 ಹಿಡೀತಾರೆ, ಆಗಲೂ 6,000ಕ್ಕೆ 1,200 ರೂಪಾಯಿಯೇ. ಬ್ಯಾಂಕಿನ ಸಾಲು ನೋಡಿ ಎರಡನ್ನೂ ಬೇರ್ಪಡಿಸೋಕೆ ಆಗಲ್ಲ. ನನ್ನ ಹೆಂಡತಿ ಜೋಡಣೆ ಆಗಿದೆ ಅಂತಲೇ ನಂಬಿದ್ದರು. ಹುಟ್ಟಿದ ದಿನಾಂಕ ಹೊಂದದೆ ಅರ್ಜಿ ಬಿದ್ದುಹೋಗಿತ್ತು.

ಲೆಕ್ಕದಪುಸ್ತಕ: ಒಳ್ಳೇ ಮಾತು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ಯಾನ್ ಸಕ್ರಿಯ ಇದೆಯಾ ನೋಡಿ, ಅದು ಒಂದು ನಿಮಿಷದ ಕೆಲಸ. ಆಮೇಲೆ ಪಾವತಿ ಆದಾಗ ರಿಜಿಸ್ಟ್ರಾರ್ ಕಳಿಸಿದ ಮೇಲ್ ಹುಡುಕಿ. ಎಷ್ಟು ಮೊತ್ತದ ಮೇಲೆ ಎಷ್ಟು ಹಿಡಿದರು ಅಂತ ಅದರಲ್ಲಿ ಇರುತ್ತದೆ. 12,000ದ ಮೇಲೆ 1,200 ಅಂತ ಇದ್ದರೆ ಹಳೇ ಕಂತಿನದೂ ಸೇರಿದೆ. 6,000ದ ಮೇಲೆ 1,200 ಅಂತ ಇದ್ದರೆ ಪ್ಯಾನ್ ಕಡೆ ತೊಂದರೆ.

26ಎಎಸ್‌ನಲ್ಲಿ ಕಾಣಿಸ್ತಿಲ್ಲ ಅಂತ ಹೆದರಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಕಡಿತದ ಲೆಕ್ಕ ಸಲ್ಲಿಸೋಕೆ ಕಂಪನಿಗೆ ಮೇ 31ರ ತನಕ ಸಮಯ ಇದೆ. ಏಪ್ರಿಲ್‌ನಲ್ಲೇ ಅವಸರಪಟ್ಟು ರಿಟರ್ನ್ ಹಾಕಿದರೆ ನಿಮ್ಮ 1,200 ಲೆಕ್ಕಕ್ಕೆ ಸಿಗದೇ ಹೋಗಬಹುದು. ಜೂನ್‌ನಲ್ಲಿ ನೋಡಿ.

ಹೊಳೆದಂಡೆ: ಹಾಗಾದರೆ ಕೊನೆಗೆ ಕೈಯಲ್ಲಿ ಉಳಿಯೋದು 10,800 ತಾನೇ?

ಲೆಕ್ಕದಪುಸ್ತಕ: ಅದು ಅವರವರ ಸ್ಲ್ಯಾಬ್ ಮೇಲೆ. 2025-26ಕ್ಕೆ ಹೊಸ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷದೊಳಗೆ ಇದ್ದು, ಸಂಬಳ, ಬಡ್ಡಿ, ಡಿವಿಡೆಂಡ್ ಮಾತ್ರ ಇದ್ದರೆ ತೆರಿಗೆ ಸೊನ್ನೆ. 1,200 ವಾಪಸ್ ಬರುತ್ತೆ, 12,000 ಪೂರ್ತಿ ನಿಮ್ಮದು. ಶೇ. 30ರ ಸ್ಲ್ಯಾಬ್‌ನವರಿಗೆ ಸೆಸ್ ಸೇರಿ 3,744 ತೆರಿಗೆ. 1,200 ಹೋಗಿದೆ, ಇನ್ನೂ 2,544 ಕಟ್ಟಬೇಕು. ಉಳಿಯೋದು 8,256. ಇವರು ಬ್ಯಾಂಕಿಗೆ ಬಂದ 10,800ನ್ನೇ ಗಳಿಕೆ ಅಂದುಕೊಂಡು ಖರ್ಚು ಮಾಡಿರುತ್ತಾರೆ. ಜುಲೈನಲ್ಲಿ ರಿಟರ್ನ್ ಹಾಕುವಾಗ ಹಣ ಹೊಂದಿಸೋಕೆ ಕಷ್ಟಪಡೋದನ್ನು ನಾನು ಪ್ರತಿ ವರ್ಷ ನೋಡ್ತೀನಿ.

ಕಲ್ಲುಸೇತುವೆ: ಒಂದು ವಿಷಯಕ್ಕೆ ನನ್ನ ತಕರಾರಿದೆ. ಎರಡು ಕಂತಿನದನ್ನು ಒಂದರಲ್ಲೇ ಹಿಡಿಯೋದು ನ್ಯಾಯವಾ? ವರ್ಷದಲ್ಲಿ ಮಿತಿ ದಾಟುವ ಹಾಗಿದ್ದರೆ ಮೊದಲ ಕಂತಿನಲ್ಲೇ ಹಿಡೀಬೇಕು ಅಂತ ಅಲ್ವಾ ನಿಯಮ ಇರೋದು?

ಲೆಕ್ಕದಪುಸ್ತಕ: ಕೊಡಬಹುದಾದ ಮೊತ್ತವನ್ನೂ ಸೇರಿಸಿ ನೋಡಿ ಅಂತ ನಿಯಮದಲ್ಲಿ ಇರೋದು ನಿಜ. ಆದರೆ ಫೆಬ್ರುವರಿಯ ಮಧ್ಯಂತರ ಡಿವಿಡೆಂಡ್ ಆಗಸ್ಟ್‌ನಲ್ಲಿ ಆಡಳಿತ ಮಂಡಳಿಗೇ ಗೊತ್ತಿರಲ್ಲ.

ಕಲ್ಲುಸೇತುವೆ: ಪ್ರತಿ ವರ್ಷವೂ ಎರಡು ಸಲ ಕೊಡುವ ಕಂಪನಿಗೆ ಗೊತ್ತಿರಲ್ಲ ಅಂದರೆ ನಾನು ಒಪ್ಪಲ್ಲ.

ಮಳೆಬಿಲ್ಲು: ಎರಡು ಡಿಮ್ಯಾಟ್ ಖಾತೆಗೆ 250ರ ಹಾಗೆ ಹಂಚಿಟ್ಟರೆ ಮಿತಿ ದಾಟಲ್ಲ ಅಲ್ವಾ?

ಲೆಕ್ಕದಪುಸ್ತಕ: ಇಲ್ಲ, ಒಂದೇ ಪ್ಯಾನ್ ಆದರೆ ರಿಜಿಸ್ಟ್ರಾರ್ ಕೂಡಿಸಿಯೇ ನೋಡ್ತಾರೆ.

ಹೊಸಹೂಡಿಕೆ: ಮೇಲ್ ಸಿಕ್ತು, ಸ್ಪ್ಯಾಮ್‌ನಲ್ಲಿ ಕೂತಿತ್ತು. 12,000ದ ಮೇಲೆ 1,200, ದರ ಶೇ. 10 ಅಂತಲೇ ಇದೆ. ಪ್ಯಾನ್ ಕೂಡ ಸಕ್ರಿಯ. ನನ್ನ ಹಾಳೆಯಲ್ಲಿ 10,800 ಬರೆದಿದ್ದನ್ನು 12,000 ಅಂತ ತಿದ್ದಿ, ಪಕ್ಕದಲ್ಲಿ ಟಿಡಿಎಸ್‌ಗೆ ಬೇರೆ ಕಾಲಂ ಮಾಡಿಕೊಂಡೆ. ಇನ್ನೊಂದು ಕಂಪನಿ ಕಳೆದ ತಿಂಗಳು 8,000 ಕೊಡಬೇಕಿತ್ತು, 7,200 ಬಂದಿದೆ. ಅಲ್ಲಿ ಮಿತಿ ದಾಟಿಲ್ಲ, ಆದರೂ ಶೇ. 10 ಹೋಗಿದೆ. ಅದು ಯಾಕೆ?

ಕಲ್ಲುಸೇತುವೆ: ಆ ಕಂಪನಿ ಈ ವರ್ಷ ಮುಂಚೆ ಏನಾದರೂ ಕೊಟ್ಟಿತ್ತಾ?

ಹೊಸಹೂಡಿಕೆ: ಇಲ್ಲ, ಇದೇ ಮೊದಲು. ಮೇಲ್ ಕೂಡ ಬಂದಿಲ್ಲ. ರಿಜಿಸ್ಟ್ರಾರ್‌ಗೆ ಬರೆದಿದ್ದೇನೆ.