ಪದಚರ್ಚೆ: ‘ಮರುಪಡೆ’ ಎಂದರೆ ಹೋದದ್ದನ್ನೋ, ಅಡಗಿದ್ದನ್ನೋ?

ಚಿಕ್ಕಬಳ್ಳಾಪುರದಿಂದ:
ಫೋಟೊ ತಿದ್ದುವುದರ ಬಗ್ಗೆ ಕನ್ನಡದಲ್ಲಿ ಕಿರುಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ‘ರಿಕವರ್’ ಎಂಬಲ್ಲಿ ಪೆನ್ನು ನಿಂತಿದೆ.

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಮಂಟಪದಲ್ಲಿ, ಒಂದೇ ಕ್ಲಿಕ್ಕಿಗೆ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ರಾ ಮತ್ತು ಸಂಸ್ಕರಿಸಿ, ಕುಗ್ಗಿಸಿ ಇಡುವ ಜೆಪೆಗ್ ಎರಡೂ ಉಳಿಯುವಂತೆ ಚಿತ್ರ ತೆಗೆದೆ. ಹೊರಗಿನ ಬಿಸಿಲಿಗೆ ಬೆಳಕು ಹೊಂದಿಸಿದ್ದರಿಂದ ಕಂಬಗಳು ಕಪ್ಪಾಗಿ ಬಂದವು. ಮನೆಗೆ ಬಂದು ಎರಡನ್ನೂ ಮೂರು ಸ್ಟಾಪ್‌ನಷ್ಟು, ಅಂದರೆ ಎಂಟು ಪಟ್ಟು, ಬೆಳಗಿಸಿದೆ. ರಾ ಕಡತದಲ್ಲಿ ಕೆತ್ತನೆಯ ಮಣಿಸರ ಎದ್ದು ಬಂತು, ಸ್ವಲ್ಪ ಕಾಳುಕಾಳಾಗಿ. ಜೆಪೆಗ್‌ನಲ್ಲಿ ಅದೇ ಜಾಗ ಚೌಕಚೌಕವಾಗಿ ಒಡೆದು, ನೆರಳಿನ ತುಂಬ ಬಣ್ಣದ ತೇಪೆ. ಎರಡಕ್ಕೂ ‘ಮರುಪಡೆ’ ಎನ್ನಬಹುದೇ? ರಾ ಎಂಬುದನ್ನು ‘ಹಸಿ ಚಿತ್ರ’ ಎನ್ನಲೇ?

ತುಮಕೂರಿನಿಂದ:
‘ಮರುಪಡೆ’ ಸರಿಯಾದ ಮಾತು. ನಮ್ಮ ತಂಗಿಯ ಮದುವೆಯ ಫೋಟೊಗಳಿದ್ದ ಮೆಮೊರಿ ಕಾರ್ಡು ಫಾರ್ಮ್ಯಾಟ್ ಆಗಿ ಎಲ್ಲ ಅಳಿಸಿಹೋದಾಗ ಮುಕ್ಕಾಲು ಪಾಲು ಮರುಪಡೆದೆವು. ಮರುಪಡೆಯುವ ತನಕ ಅದರಲ್ಲಿ ಹೊಸ ಫೋಟೊ ಮಾತ್ರ ತೆಗೆಯಬೇಡಿ.

ಶಿಡ್ಲಘಟ್ಟದಿಂದ:
ತುಮಕೂರಿನವರೇ, ಅವರು ಕೇಳಿದ್ದು ಅಳಿಸಿಹೋದ ಫೋಟೊ ಅಲ್ಲ.

‘ಹಸಿ ಚಿತ್ರ’ ಎಂದರೆ ಓದುಗರು ಬೇರೆಯದೇ ಚಿತ್ರ ಹುಡುಕಿಕೊಂಡು ಬಂದಾರು! ನಮ್ಮಲ್ಲಿ ಗೂಡಿನಿಂದ ಬಿಚ್ಚಿದ ನೂಲು ‘ಕಚ್ಚಾ ರೇಷ್ಮೆ’. ಬಣ್ಣ, ಹುರಿ ಎಲ್ಲ ಆಮೇಲೆ. ಹಾಗೆಯೇ ‘ಕಚ್ಚಾ ಕಡತ’ ಎನ್ನಿ. ಅಂದ ಹಾಗೆ, ಜೆಪೆಗ್ ಅನ್ನು ಅದಕ್ಕಿಂತ ದೊಡ್ಡದಾದ 16 ಬಿಟ್ ಟಿಫ್ ಕಡತವಾಗಿ ಉಳಿಸಿಕೊಂಡರೆ ಅದೂ ಕಚ್ಚಾ ಆದಂತೆಯೇ ಅಲ್ಲವೇ?

ಕೋಲಾರದಿಂದ:
ಇಪ್ಪತ್ತು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಟಿಫ್ ಮಾತು ಅರ್ಧ ಸರಿ. ಮುಂದೆ ತಿದ್ದಿ ಉಳಿಸುವಾಗ ಹೊಸ ನಷ್ಟ ತಪ್ಪುತ್ತದೆ, ಆದರೆ ಹೋದದ್ದು ಬರುವುದಿಲ್ಲ. ಲೋಟದ ನೀರನ್ನು ಕೊಳಗಕ್ಕೆ ಸುರಿದರೆ ನೀರು ಹೆಚ್ಚುವುದಿಲ್ಲ.

14 ಬಿಟ್‌ನ ರಾ ಕಡತದಲ್ಲಿ ಕಪ್ಪಿನಿಂದ ಬಿಳಿಗೆ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ಅದು ಸಾಲದೆಂದು ಜೆಪೆಗ್ ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಕಣ್ಣಿಗೆ ಬೀಳದ ಸಣ್ಣ ಏರಿಳಿತಗಳನ್ನು ಕೈಬಿಡುತ್ತದೆ. ಕತ್ತಲಲ್ಲಿ ಆ ಮೋಸ ಗೊತ್ತಾಗುವುದಿಲ್ಲ. ಬೆಳಕು ಎತ್ತಿದಿರೋ, ನೀವು ಕಂಡ ಚೌಕಗಳು ಹೊರಬೀಳುತ್ತವೆ. ಆದ್ದರಿಂದ ರಾ ಕಡತದ ನೆರಳಿಗೆ ‘ಹೊರತೆಗೆ’ ಎನ್ನಿ, ವಿವರ ಅಲ್ಲೇ ಅಡಗಿದೆ. ಜೆಪೆಗ್‌ಗೆ ‘ನಯಗೊಳಿಸು’ ಸಾಕು. ನಾವು ಅಂಗಡಿಯಲ್ಲಿ ‘ಶ್ಯಾಡೋ ಎತ್ತು’ ಎನ್ನುತ್ತೇವೆ, ಅದೇ ಎಲ್ಲಕ್ಕಿಂತ ಚೆನ್ನ.

ಚಿಕ್ಕಬಳ್ಳಾಪುರದಿಂದ:
‘ಕಚ್ಚಾ ಕಡತ’, ‘ಹೊರತೆಗೆ’ ಎರಡನ್ನೂ ಒಪ್ಪಿದೆ. ತೊಡಕು ಆಕಾಶದ್ದು. ಕಂಬಕ್ಕೆ ಬೆಳಕು ಹೊಂದಿಸಿ ತೆಗೆದ ಇನ್ನೊಂದು ಚಿತ್ರದಲ್ಲಿ ಆಕಾಶ ಬೆಳ್ಳಗೆ ಸುಟ್ಟಿತ್ತು. ಕಚ್ಚಾ ಕಡತದ ಬೆಳಕು ಇಳಿಸಿದಾಗ ಅಂಚಿನಲ್ಲಿ ಮೋಡ ಮೂಡಿತು, ನಡುವೆ ಬರೀ ಬೂದು ಹಾಳೆ.

ಕೋಲಾರದಿಂದ:
ನಡುವೆ ಕೆಂಪು, ಹಸಿರು, ನೀಲಿ ಮೂರೂ ತುಂಬಿ ತುಳುಕಿವೆ, ಅಲ್ಲಿ ಯಾವ ರಾ ಕಡತವೂ ಕೈಲಾಗದ್ದು. ಅಂಚಿನಲ್ಲಿ ಬಹುಶಃ ಹಸಿರು ಮಾತ್ರ ತುಂಬಿರುತ್ತದೆ. ಉಳಿದೆರಡನ್ನು ನೋಡಿ ತಂತ್ರಾಂಶ ಅದನ್ನು ಕಟ್ಟಿಕೊಡುತ್ತದೆ.

ಶಿಡ್ಲಘಟ್ಟದಿಂದ:
ಹಾಗಾದರೆ ಆ ಮೋಡ ‘ಹೊರತೆಗೆದದ್ದು’ ಹೇಗಾಯಿತು? ಅರ್ಧ ಊಹೆಯಲ್ಲವೇ? ಅದಕ್ಕೆ ಬೇರೆ ಪದವೇ ಬೇಕು.