ಮಾಲೀಕ-ಚಾಲಕರ 15 ಲಕ್ಷದ ವಿಮೆ: ಕಾಲು ಮುರಿದರೆ ಎಷ್ಟು ಬರುತ್ತದೆ?

ಕೇಳಿದವರು, ಮುಧೋಳ: ರಾತ್ರಿ ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಗೆ ನನ್ನ ತಮ್ಮನ ಬೈಕ್ ಬಡಿದು, ಅವನ ಬಲಗಾಲು ಮುರಿದಿದೆ, ರಾಡ್ ಹಾಕಿದ್ದಾರೆ. ಬೈಕ್ ಅವನ ಹೆಸರಿನಲ್ಲಿದೆ, ಲೈಸೆನ್ಸ್ ಇದೆ, ಪಾಲಿಸಿಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷ ಎಂದಿದೆ. ಆಸ್ಪತ್ರೆಯ ಬಿಲ್ಲು ಇದರಲ್ಲಿ ಸಿಗುತ್ತದೆಯೇ?

ಬಾಗಲಕೋಟೆಯಿಂದ ಒಬ್ಬರು: ಖಂಡಿತ ಸಿಗುತ್ತದೆ. ನಮ್ಮ ಅಳಿಯನಿಗೆ ಕಾಲು ಮುರಿದಾಗ ಖರ್ಚೆಲ್ಲ ವಿಮೆಯಿಂದಲೇ ಬಂದಿತು. ಎಫ್‌ಐಆರ್ ಪ್ರತಿಯನ್ನೂ ಬಿಲ್ಲುಗಳನ್ನೂ ಜೋಪಾನವಾಗಿಡಿ.

ವಾಹನ ವಿಮೆಯ ಕ್ಲೇಮ್ ಕೆಲಸ ಮಾಡುವವರು, ಬೆಳಗಾವಿ: ಕಾಗದ ಜೋಪಾನವಾಗಿಡಿ ಎಂಬುದು ಸರಿ, ಆದರೆ ಆ ಅಳಿಯನಿಗೆ ಹಣ ಬಂದದ್ದು ಬಹುಶಃ ಎದುರಿನ ವಾಹನದ ವಿಮೆಯಿಂದ. ಮಾಲೀಕ-ಚಾಲಕರ ಭಾಗದಲ್ಲಿ ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿಯೂ ಇಲ್ಲ. ಸಾವು ಸಂಭವಿಸಿದರೆ ಪೂರ್ತಿ 15 ಲಕ್ಷ. ಎರಡು ಕೈಕಾಲು ಅಥವಾ ಎರಡೂ ಕಣ್ಣು ಹೋದರೆ, ಇಲ್ಲವೇ ಒಂದು ಕೈ ಅಥವಾ ಕಾಲಿನ ಜೊತೆಗೆ ಒಂದು ಕಣ್ಣು ಹೋದರೆ ಪೂರ್ತಿ ಮೊತ್ತ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಮಾತ್ರ ಹೋದರೆ ಅರ್ಧ, ಅಂದರೆ ಏಳೂವರೆ ಲಕ್ಷ. ಬೇರೆ ಗಾಯದಿಂದ ಶಾಶ್ವತವಾಗಿ, ಸಂಪೂರ್ಣವಾಗಿ ಅಂಗವಿಕಲರಾದರೂ ಪೂರ್ತಿ ಸಿಗುತ್ತದೆ. ಮೂಳೆ ಕೂಡಿ, ಕಾಲು ಸ್ವಲ್ಪ ಕುಂಟಿ, ವೈದ್ಯರು ಶೇ. 30 ಅಂಗವಿಕಲತೆ ಎಂದು ಬರೆದುಕೊಟ್ಟರೂ ಈ ಭಾಗದಿಂದ ಏನೂ ಬಾರದು, ಏಕೆಂದರೆ ನಡುವಿನ ಹಂತಗಳಿಗೆ ಅದರಲ್ಲಿ ಜಾಗವೇ ಇಲ್ಲ.

ಹಾಗೆಂದು ಪಾಲಿಸಿಯನ್ನು ಮೂಲೆಗೆ ಎಸೆಯಬೇಡಿ. ಗಾಯಕ್ಕೆ ಕೀವು ಹಿಡಿದು ಅಪಘಾತವಾದ ಆರು ತಿಂಗಳೊಳಗೆ ಕಾಲು ಕತ್ತರಿಸಬೇಕಾಗಿ ಬಂದರೆ (ಹಾಗಾಗದಿರಲಿ) ಏಳೂವರೆ ಲಕ್ಷ ಕೇಳಬಹುದು. ಆದ್ದರಿಂದ ಕಂಪನಿಗೆ ಈಗಲೇ ಲಿಖಿತ ಮಾಹಿತಿ ಕೊಡಿ. ಆದರೆ ಅಪಘಾತದ ಹೊತ್ತಿಗೆ ಮದ್ಯ ಕುಡಿದಿದ್ದರೆ ಆ ದಾರಿಯೂ ಮುಚ್ಚುತ್ತದೆ.

ಇಂಡಿಯಿಂದ ಒಬ್ಬರು: ನಮ್ಮ ಮನೆಯ ಬೈಕ್ ಅಪ್ಪನ ಹೆಸರಿನಲ್ಲಿತ್ತು. ಅಣ್ಣ ಅದನ್ನು ಓಡಿಸುವಾಗ ಬಿದ್ದು ತೀರಿಕೊಂಡನು. ಲೈಸೆನ್ಸ್ ಇದ್ದರೂ ಕಂಪನಿಯವರು 15 ಲಕ್ಷವನ್ನು ನಿರಾಕರಿಸಿದರು. ಇದು ನ್ಯಾಯವೇ?

ಬೆಳಗಾವಿಯವರು: ನ್ಯಾಯದ ಮಾತು ಬೇರೆ, ಪಾಲಿಸಿಯ ಷರತ್ತು ಬೇರೆ. ಆರ್‌ಸಿಯಲ್ಲಿಯೂ ಪಾಲಿಸಿಯಲ್ಲಿಯೂ ಹೆಸರಿರುವ ಮಾಲೀಕರಿಗೆ, ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ ಅದು ಅನ್ವಯಿಸುತ್ತದೆ. ನಮ್ಮ ಕಡೆ ಮಗ ಓಡಿಸುವ ಗಾಡಿಯನ್ನು ತಂದೆಯ ಹೆಸರಿನಲ್ಲಿ ಕೊಳ್ಳುವ ರೂಢಿ ಬಹಳ. ಹಾಗೆ ಮಾಡಿದ ಮನೆಯಲ್ಲಿ ಮಗನಿಗೆ ಈ ರಕ್ಷಣೆ ಇರುವುದಿಲ್ಲ.

ಮುಧೋಳದವರೇ, ನಿಮ್ಮ ತಮ್ಮನ ಬಿಲ್ಲಿಗೆ ದಾರಿ ಇರುವುದು ಟ್ರಾಲಿಯ ಕಡೆ. ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇರಲಿಲ್ಲವೆಂದು ಪಂಚನಾಮೆಯಲ್ಲಿ ದಾಖಲಾಗಿದೆಯೇ ನೋಡಿ, ಟ್ರ್ಯಾಕ್ಟರ್ ಮಾಲೀಕರ ಮತ್ತು ಅವರ ವಿಮಾ ಕಂಪನಿಯ ಮೇಲೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಿರಿ. ತಮ್ಮನದೂ ಇಷ್ಟು ತಪ್ಪು ಎಂದು ಒಂದು ಪಾಲು ಕಡಿತವಾಗಬಹುದು.

ಕೇಳಿದವರು: ಪಂಚನಾಮೆಯಲ್ಲಿ ದೀಪದ ವಿಷಯವೇ ಇಲ್ಲ. ಟ್ರ್ಯಾಕ್ಟರಿಗೆ ವಿಮೆ ಇದೆ, ಟ್ರಾಲಿಗೆ ಇಲ್ಲ ಎನ್ನುತ್ತಿದ್ದಾರೆ.

ಬೆಳಗಾವಿಯವರು: ಹಾಗಾದರೆ ಕಂಪನಿ ಆ ನೆಪ ಹಿಡಿದು ವಾದಿಸುತ್ತದೆ, ತೀರ್ಮಾನ ಯಾವ ಕಡೆ ಹೋಗುತ್ತದೆಂದು ಇಲ್ಲಿಂದ ಹೇಳಲಾರೆ. ಆ ರಾತ್ರಿ ಯಾರಾದರೂ ಮೊಬೈಲಿನಲ್ಲಿ ಟ್ರಾಲಿಯ ಹಿಂಭಾಗದ ಫೋಟೊ ತೆಗೆದಿದ್ದರೆ ಮೊದಲು ಅದನ್ನು ಪಡೆದು ವಕೀಲರಿಗೆ ಕೊಡಿ.